ನಲವತ್ತನೆಯ ದಿನದ ಪತ್ರಿಕೆ

ಐದು ಪತ್ರಿಕೆಗಳಿಂದ ಐದು ಸುದ್ದಿ ಬರೆದುಕೊಂಡ ಮೇಲೆ ಮೌನಪ್ಪ ಮಾಸ್ತರರು ಪೆನ್ನಿಗೆ ಟೊಪ್ಪಿಗೆ ಹಾಕಿದರು. ಐದರಲ್ಲೂ ಸತ್ತವರು ಒಬ್ಬರೇ, ಬೀಜ ವಿಜ್ಞಾನಿ ಡಾ. ಮಹಾಂತಯ್ಯ. ಐದರಲ್ಲೂ ಕಾರಣ ಒಂದೇ. ‘ಅಲ್ಪಕಾಲದ ಅಸ್ವಸ್ಥತೆಯ ನಂತರ ಹೃದಯಾಘಾತದಿಂದ ನಿಧನ ಹೊಂದಿದರು. ಮೃತರು ಪತ್ನಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.’

ರಾಯಚೂರಿನ ಆ ಹಳೆಯ ವಾಚನಾಲಯದಲ್ಲಿ ಮಧ್ಯಾಹ್ನ ಇಬ್ಬರೇ ಇದ್ದರು. ಇನ್ನೊಬ್ಬರು ಅಬ್ದುಲ್ ವಹೀದ್. ಅಲ್ಲಿಯೇ ನೌಕರಿ ಮಾಡಿ ನಿವೃತ್ತರಾಗಿ ಏಳು ವರ್ಷವಾಗಿದ್ದರೂ ದಿನಾ ಬಂದು, ಹರಿದ ಪತ್ರಿಕೆಗಳನ್ನು ತಿಂಗಳವಾರು ಜೋಡಿಸಿ, ದಬ್ಬಣದಿಂದ ತೂತು ಹಾಕಿ ಹೊಲಿಯುತ್ತಿದ್ದರು. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಅಂದಿರಲಿಲ್ಲ.

“ಎಷ್ಟು ಸಿಕ್ವು ಮಾಸ್ತರ್ ಸಾಬ್?”

“ಐದು ಸಿಕ್ಕಾವ್ರಿ ಚಾಚಾ. ಐದೂ ಹೃದಯಾಘಾತ ಅಂತಾವ. ಐದು ಸಾಕ್ಷಿ ಕೂಡಿ ಒಂದಽ ಮಾತು ಹೇಳಿದ ಮ್ಯಾಲ ನಾ ಏನು ಮಾಡ್ಲಿ?”

“ಓದ್ರಿ ನೋಡೂಣು.”

ಮೌನಪ್ಪ ಓದಿದರು. ಹುಬ್ಬಳ್ಳಿಯಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆ ೧೯೭೩ರ ಆಗಸ್ಟ್ ಹನ್ನೊಂದರದು, ಬೆಂಗಳೂರಿನದು ಹದಿಮೂರರದು, ಊರಿನ ಎರಡು ಹಾಳೆಯ ವಾರಪತ್ರಿಕೆ ಹದಿನೆಂಟರದು. ಇನ್ನೆರಡು ಅದರ ಆಚೀಚೆ. ವಹೀದ್ ಚಾಚಾ ಸೂಜಿ ನಿಲ್ಲಿಸದೆ ಕೇಳುತ್ತಿದ್ದವರು ಮೂರನೆಯದಕ್ಕೆ ನಕ್ಕರು.

“ಅವರು ಹುಟ್ಟಿದ್ದೆಲ್ಲಿ?”

“ಅರಕೇರಾದಾಗ. ನಮ್ಮೂರಽ. ಅವರ ಮನಿ ಮುಂದ ಹಾದು ನಾ ಸಾಲಿಗೆ ಹೋಗ್ತಿದ್ದೆ.”

“ಐದೂ ಪೇಪರ್‌ನಾಗ ಗುಂಜಹಳ್ಳಿ ಅಂತ ಅದಲ್ಲ?”

ಮೌನಪ್ಪ ಮತ್ತೆ ನೋಡಿದರು. ಹೌದು. ‘ಗುಂಜಹಳ್ಳಿಯಲ್ಲಿ ಜನಿಸಿದ.’ ವಯಸ್ಸು ಐವತ್ತನಾಲ್ಕು ಎಂದಿತ್ತು. ಅವರು ಸತ್ತಾಗ ಐವತ್ತೊಂದು. ಐದರಲ್ಲೂ ಐವತ್ತನಾಲ್ಕು.

“ಐದು ಮಂದಿ ಬ್ಯಾರೆ ಬ್ಯಾರೆ ತಿಳ್ಕೊಂಡು ಬರೆದಿದ್ರ ತಪ್ಪೂ ಬ್ಯಾರೆ ಬ್ಯಾರೆ ಇರತಿದ್ವು,” ಎಂದರು ಚಾಚಾ. “ಎಲ್ಲಾರೂ ಒಂದಽ ತಪ್ಪು ಬರದಾರಂದ್ರ ಒಂದಽ ಚೀಟಿ ಐದು ಕಡಿ ಹೋಗ್ಯದ. ನಿಮ್ಮ ಹಂತ್ಯಾಕ ಐದು ಸಾಕ್ಷಿ ಇಲ್ಲ ಮಾಸ್ತರ್ ಸಾಬ್. ಒಬ್ಬಾವ ಅದಾನ, ಅವನೂ ಸುಳ್ಳ.”

ಮೌನಪ್ಪನವರಿಗೆ ನಗು ಬರಲಿಲ್ಲ. ಮೂರು ದಿನದ ದಸರಾ ರಜೆ ಹಾಳೆ ತಿರುವುವುದರಲ್ಲೇ ಹೋಗಿತ್ತು.

ದೇವದುರ್ಗದ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಮಾಸ್ತರರು. ಆ ೧೯೮೪ರ ಡಿಸೆಂಬರಿನಲ್ಲಿ ರಾಯಚೂರಿನಲ್ಲಿ ನಡೆಯಲಿದ್ದ ವಿಜ್ಞಾನ ಮೇಳಕ್ಕೆ ಜಿಲ್ಲೆಯ ಸಾಧಕರ ಪುಸ್ತಕವೊಂದು ತರಬೇಕೆಂದು ಸಮಿತಿಯಾಗಿತ್ತು. ಸಮಿತಿಯ ಅಧ್ಯಕ್ಷರು ಅಕ್ಕಿ ಗಿರಣಿಯ ವಿರೂಪಣ್ಣ. ಮಹಾಂತಯ್ಯನವರ ಬಗ್ಗೆ ಎಂಟು ಪುಟ ಬರೆಯುವ ಕೆಲಸ ಮೌನಪ್ಪನವರಿಗೆ ಬಂತು. ಜೋಳದ ಕಾಡಿಗೆ ರೋಗಕ್ಕೆ ಬಿತ್ತುವ ಮುಂಚೆ ಬೀಜಕ್ಕೇ ಔಷಧಿ ಹಚ್ಚುವುದನ್ನು ಈ ಸೀಮೆಯ ಒಕ್ಕಲಿಗರಿಗೆ ಕಲಿಸಿದವರು ಮಹಾಂತಯ್ಯ. ಅವರು ಬರುವ ಮೊದಲು ತೆನೆಯಲ್ಲಿ ಕಾಳಿರುವ ಕಡೆ ಕರಿ ಪುಡಿ ತುಂಬಿರುತ್ತಿತ್ತು. ಆರು ಪುಟ ಸಲೀಸಾಗಿ ಬರೆದದ್ದಾಗಿತ್ತು. ಉಳಿದದ್ದು ಕೊನೆಯ ನಾಲ್ಕು ವರ್ಷ.

ಅದಕ್ಕಾಗಿ ಅವರು ಮಹಾಂತಯ್ಯನವರ ಹೆಂಡತಿ ಬಸವಂತಮ್ಮನ ಬಳಿ ಹೋಗಿದ್ದರು. ದೇವದುರ್ಗದ ಮಠದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಆಕೆ ಪೂಜೆ ಮುಗಿಸಿ, ವಚನಗಳನ್ನು ಬಾಯಿಪಾಠವಾಗಿ ಅನ್ನುತ್ತಲೇ ಹೊರಬಂದು, ಕಿಟಕಿ ಕಟ್ಟೆಯ ಮೇಲೆ ಬೇರೆಯಾಗಿ ಇಟ್ಟಿದ್ದ ಗಾಜಿನ ಲೋಟದಲ್ಲಿ ಮೌನಪ್ಪನವರಿಗೆ ಚಹಾ ಕೊಟ್ಟಳು. ಅವರು ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತೇ ಕುಡಿದರು. ಇಬ್ಬರಿಗೂ ಅದು ರೂಢಿ.

“ಪೇಪರ್‌ನಾಗ ಏನು ಬಂದಿತ್ತು ಗೊತ್ತೇನು ಮಾಸ್ತರ?” ಎಂದಿದ್ದಳು. “ಅಪಾರ ಬಂಧುಬಳಗ ಅಂತ. ಮಣ್ಣಿಗೆ ಹನ್ನೊಂದು ಮಂದಿ ಬಂದಿದ್ರು. ಎಣಿಸೀನಿ ನಾನು. ಅದರಾಗ ನಾಕು ಮಂದಿ ಕುಣಿ ತೋಡಾವ್ರು.”

“ಯಾಕ ಬರಲಿಲ್ರಿ ಅಮ್ಮಾರ?”

“ಕುಡುಕ ಅಂತ.”

ಆಮೇಲೆ ಬಿಡಿಸಿ ಹೇಳಿದ್ದಳು. ಅರವತ್ತೊಂಬತ್ತನೆಯ ಇಸವಿಯಲ್ಲಿ ಮೊದಲು ಬೆರಳ ತುದಿ ಜುಮುಗುಟ್ಟಿದವು, ತುಟಿಯ ಸುತ್ತ ಇರುವೆ ಹರಿದಂತಾಯಿತು. ಆಮೇಲೆ ನಡಿಗೆ ಕೆಟ್ಟಿತು. ಕಾಲು ಅಗಲಿಸಿ, ಗೋಡೆ ಹಿಡಿದು ನಡೆಯುವರು. ಮಾತು ಎಳೆದೆಳೆದು ಬರತೊಡಗಿತು. ಆ ವರ್ಷ ಶ್ರಾವಣದ ಸೋಮವಾರ ಮಠದಲ್ಲಿ ಎಲ್ಲರ ಸಾಲಿನಲ್ಲಿ ಕೂತು ಪೂಜೆ ಮಾಡುವಾಗ ಅಂಗೈಯಲ್ಲಿದ್ದ ಲಿಂಗ ಜಾರಿ ನೆಲಕ್ಕೆ ಬಿತ್ತು. ಜಂಗಮರಾದ ಅಯ್ಯನವರ ಕೈಯಿಂದ ಲಿಂಗ ಬಿತ್ತೆಂದರೆ ಸಣ್ಣ ಮಾತಲ್ಲ. ಕುಡಿದು ಪೂಜೆಗೆ ಕೂತಿದ್ದಾನೆ ಎಂದು ಯಾರೋ ಅಂದರು. ಅಂದವರು ಒಬ್ಬರು, ನಂಬಿದವರು ಊರೆಲ್ಲ. ಅಂದಿನಿಂದ ಯಾವ ಮನೆಯವರೂ ಅವರನ್ನು ಪಾದಪೂಜೆಗೆ ಕರೆಯಲಿಲ್ಲ.

“ಹನಿ ಮುಟ್ಟಿದಾವರಲ್ಲ ಅವರು. ಅದು ರೋಗ. ಹೈದ್ರಾಬಾದಿನ ದವಾಖಾನಿಗೆ ಹೋಗಿದ್ರು, ದೋಸ್ತನ್ನ ಕರಕೊಂಡು. ನನ್ನ ಒಯ್ಯಲಿಲ್ಲ. ಚೀಟಿಗೀಟಿ ಎಲ್ಲಾ ಸುಟ್ಟುಬಿಟ್ರು. ಎಂಟು ಪುಟ ನನಗ ಬ್ಯಾಡ ಮಾಸ್ತರ. ಒಂದಽ ಸಾಲು ಬರಿ. ಕುಡೀತಿದ್ದಿಲ್ಲ, ರೋಗ ಇತ್ತು ಅಂತ. ನಾ ಸಾಯೂದ್ರೊಳಗ ಈ ಮಠದ ಮುಂದಿನ ಮಂದಿ ಅದನ್ನ ಓದಬೇಕು.”

ಮೌನಪ್ಪ ಆ ಸಾಲು ಬರೆದು, ಮೊದಲಿನ ಆರು ಪುಟದ ಜೊತೆ ವಿರೂಪಣ್ಣನವರಿಗೆ ಕೊಟ್ಟಿದ್ದರು. ವಿರೂಪಣ್ಣ ಕನ್ನಡಕ ಏರಿಸಿ ನೋಡಿ, ಕೆಂಪು ಪೆನ್ಸಿಲಿನಿಂದ ಗೆರೆ ಎಳೆದರು. “ಹೆಂಡ್ತಿ ಹೇಳಿದ್ದು ದಾಖಲಿ ಆಗೂದಿಲ್ಲ ಮಾಸ್ತರ. ಗಂಡ ಕುಡೀತಿದ್ದ ಅಂತ ಯಾ ಹೆಂಡ್ತಿ ಹೇಳ್ತಾಳ? ಅಚ್ಚಾದದ್ದು ಏನಾರ ಇದ್ರ ತರ್ರಿ. ಆಗಿನ ಪೇಪರ್ ನೋಡ್ರಿ.”

ಹಾಗೆ ಬಂದು ಕೂತಿದ್ದರು ಇಲ್ಲಿ. ನಾಲ್ಕು ವರ್ಷ ಗೋಡೆ ಹಿಡಿದು ನಡೆದವರಿಗೆ ಪತ್ರಿಕೆಗಳು ಅಲ್ಪಕಾಲದ ಅಸ್ವಸ್ಥತೆ ಎನ್ನುತ್ತಿದ್ದವು.

ವಹೀದ್ ಚಾಚಾ ದಾರ ಕಡಿದು ಗಂಟು ಹಾಕಿದರು. “ಆ ದೋಸ್ತ ಯಾರು? ಹೈದ್ರಾಬಾದಿಗೆ ಕರಕೊಂಡು ಹೋದಾವ?”

“ಸಲಾವುದ್ದೀನ್ ಅಂತ್ರಿ. ಇಬ್ಬರೂ ಕೂಡಿ ಓದಿದಾವ್ರು.”

“ಸಲಾವುದ್ದೀನ್ ಮಾಸ್ತರ್? ಮಾನ್ವಿಯವರು?” ಚಾಚಾ ಎದ್ದೇಬಿಟ್ಟರು. “ಅವರು ಬರೆಯೋ ಶೋಕಿ ಇದ್ದಾವ್ರು. ಎಪ್ಪತ್ತೊಂಬತ್ತರಾಗ ಹೋದ್ರು, ಅಲ್ಲಾ ಜಾಗ ಕೊಡ್ಲಿ. ನೀವು ಎಲ್ಲಿ ನೋಡಿದ್ರಿ? ಸತ್ತ ಎಂಟು ದಿನದ ಪೇಪರ್.”

“ಮತ್ತ?”

“ಎಂಟು ದಿನದಾಗ ಬರೋದು ಆಫೀಸಿನ ಚೀಟಿ. ಮನಸ್ಸಿದ್ದಾವರು ಅಷ್ಟು ಜಲ್ದಿ ಬರೆಯಂಗಿಲ್ಲ. ನಮ್ಮಾಗ ನಲವತ್ತನೇ ದಿನ ಸತ್ತಾವರ ಸಲುವಾಗಿ ಫಾತಿಹಾ ಓದ್ತಾರ. ದೂರದ ದೋಸ್ತಗೋಳು ಆವತ್ತಿಗೆ ಬರದು ಕಳಸ್ತಿದ್ರು. ಉರ್ದು ಪೇಪರ್‌ನಾಗ ಅದಕ್ಕಂತಽ ಜಾಗ ಇರ್ತಿತ್ತು. ಅವರು ಸತ್ತದ್ದು?”

“ಆಗಸ್ಟ್ ಒಂಬತ್ತು.”

ಚಾಚಾ ಬೆರಳ ಗಿಣ್ಣುಗಳ ಮೇಲೆ ಎಣಿಸಿದರು. “ಸಪ್ಟೆಂಬರ್ ಹದಿನೇಳು.”

ಹೈದರಾಬಾದಿನ ಉರ್ದು ಪತ್ರಿಕೆಗಳು ಒಳಕೋಣೆಯ ಕೆಳಗಿನ ಹಲಗೆಯಲ್ಲಿದ್ದವು. ಹತ್ತು ವರ್ಷದಿಂದ ಯಾರೂ ಕೇಳಿರಲಿಲ್ಲ. ಚಾಚಾ ಕೂತು ಬಿಚ್ಚಿದರು. ಹದಿನೇಳರ ಹಾಳೆಯಲ್ಲಿ ಇರಲಿಲ್ಲ, ಹದಿನೆಂಟರದರಲ್ಲೂ ಇರಲಿಲ್ಲ. ಹತ್ತೊಂಬತ್ತರ ಮೂರನೆಯ ಪುಟದಲ್ಲಿ, ಕೆಳಗಿನ ಎರಡು ಕಾಲಂ ತುಂಬ, ಕಪ್ಪು ಗೆರೆಯ ಚೌಕದಲ್ಲಿ ಇತ್ತು. ಚಾಚಾ ಬೆರಳಿಟ್ಟು ಹೆಸರು ಓದಿದರು: ಡಾಕ್ಟರ್ ಮಹಾಂತಯ್ಯ, ಅರಕೇರಾ.

“ಅರಕೇರಾ ಅಂತ ಬರದಾರೇನು?” ಮೌನಪ್ಪ ಮುಂದಕ್ಕೆ ಬಾಗಿದರು.

“ಅರಕೇರಾ. ವಯಸ್ಸು ಐವತ್ತೊಂದು. ಈ ಮನುಷ್ಯಾಗ ಗೊತ್ತದ. ಬರಕೋರಿ.”

ಚಾಚಾ ಒಂದು ಸಾಲು ಉರ್ದುವಿನಲ್ಲಿ ಓದುವರು, ಒಂದು ಗಳಿಗೆ ಕಣ್ಣು ಮುಚ್ಚುವರು, ಆಮೇಲೆ ಕನ್ನಡದಲ್ಲಿ ಹೇಳುವರು. ಮೌನಪ್ಪ ಬರೆದರು. ನಾಲ್ಕು ವರ್ಷ ನನ್ನ ಗೆಳೆಯ ತನ್ನ ಅಂಗಿಯ ಗುಂಡಿ ತಾನು ಹಾಕಿಕೊಳ್ಳಲಿಲ್ಲ. ನೋಟ ಕೊಳವೆಯ ಒಳಗಿಂದ ನೋಡಿದಂತೆ ಕಿರಿದಾಯಿತು. ಎದುರಿನವರು ಕಾಣುವರು, ಪಕ್ಕದವರು ಕಾಣರು. ಪಕ್ಕದಿಂದ ನಮಸ್ಕಾರ ಮಾಡಿದವರು ಗರ್ವ ಬಂದಿದೆ ಎಂದರು, ಎದುರಿನಿಂದ ನಡಿಗೆ ನೋಡಿದವರು ಕುಡಿದಿದ್ದಾನೆ ಎಂದರು. ಹೈದರಾಬಾದಿನ ವೈದ್ಯರು ರಕ್ತ ತೆಗೆದು, ಕೂದಲು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಎರಡರಲ್ಲೂ ಪಾದರಸ ಬಂತು. ಬೀಜಕ್ಕೆ ಹಚ್ಚುವ ಪುಡಿಯಲ್ಲಿದ್ದ ಪಾದರಸ. ಹನ್ನೆರಡು ವರ್ಷ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದರ ಧೂಳು ಉಸಿರಾಡಿದ್ದ. ಔಷಧಿ ಇಲ್ಲ ಎಂದರು ವೈದ್ಯರು. ಕೊನೆಗೆ ನುಂಗಲಾರದೆ, ಎದೆಯಲ್ಲಿ ಕಫ ಕಟ್ಟಿ ಹೋದ. ಅವನು ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ. ನಾನು ಸಾಕ್ಷಿ.

ಮೌನಪ್ಪನವರ ಕೈ ಓಡುತ್ತಿತ್ತು. ಅಚ್ಚಾದದ್ದು, ದಿನಾಂಕವಿದ್ದದ್ದು, ಕಣ್ಣಾರೆ ಕಂಡವರು ಬರೆದದ್ದು. ಬಸವಂತಮ್ಮ ಒಂದು ಸಾಲು ಕೇಳಿದ್ದಳು. ಇಲ್ಲಿ ಎರಡು ಕಾಲಂ ಇತ್ತು.

ಚಾಚಾ ನಿಲ್ಲಿಸಿದರು. ಕಡೆಯ ಭಾಗವನ್ನು ಮನಸ್ಸಿನಲ್ಲೇ ಓದಿ ಮುಗಿಸಿ, ಕನ್ನಡಕ ತೆಗೆದರು.

“ಇದನ್ನೂ ಬರಕೋತೀರೇನು?”

“ಯಾಕ, ಏನದ?”

“ಬರಕೊಂಡ ಮ್ಯಾಲ ಗೊತ್ತಿಲ್ಲ ಅನ್ನಾಕ ಬರೂದಿಲ್ಲ.”

ಮೌನಪ್ಪ ಪೆನ್ನು ಹಿಡಿದೇ ಇದ್ದರು. ಚಾಚಾ ಹೇಳಿದರು.

ಸಾಯುವ ಮೂರು ತಿಂಗಳ ಹಿಂದೆ ನನ್ನ ಗೆಳೆಯ ಹೇಳಿದ: ಸಲಾವುದ್ದೀನ್, ಈ ರೋಗ ನನಗಿಂತ ಎರಡು ವರ್ಷ ಮೊದಲೇ ನನ್ನ ಕೋಣೆಗೆ ಬಂದಿತ್ತು. ಕುರ್ಡಿಯ ರಾಮಲಿಂಗಪ್ಪ ಎಂಬ ಆಳು ಬರಿಗೈಯಲ್ಲಿ ಪುಡಿ ಕಲಸುತ್ತಿದ್ದ. ಅವನ ಕೈ ನಡುಗಿತು, ಕಾಲು ತೊಡರಿತು, ಮಾತು ತೊದಲಿತು. ನಾನು ಅದಕ್ಕೆ ಕುಡಿತ ಎಂದು ಹೆಸರಿಟ್ಟೆ. ಕೆಲಸಕ್ಕೆ ಕುಡಿದು ಬರುತ್ತಾನೆ ಎಂದು ಬರೆದು, ರುಜು ಹಾಕಿ, ಹೊರಗೆ ಕಳಿಸಿದೆ. ವರ್ಷದೊಳಗೆ ಸತ್ತನಂತೆ. ನಾನು ವಿಜ್ಞಾನಿ, ಅವನ ಬಾಯಿ ಸಹ ಮೂಸಿ ನೋಡಲಿಲ್ಲ. ಅವನ ಮನೆಗೆ ಹೋಗಿ ಇದನ್ನು ಹೇಳಬೇಕು, ನನ್ನನ್ನು ಒಯ್ಯುವವರಿಲ್ಲ. ಇಷ್ಟು ಹೇಳಿ ನನ್ನ ಗೆಳೆಯ ಅತ್ತ. ಓದುವವರಲ್ಲಿ ಯಾರಾದರೂ ಕುರ್ಡಿಯವರಿದ್ದರೆ ತಿಳಿಸಬೇಕು.

“ಕುರ್ಡಿಯಾಗ ಉರ್ದು ಪೇಪರ್ ಯಾರು ತರಸ್ತಾರ?” ಎಂದರು ವಹೀದ್ ಚಾಚಾ. ಹಾಳೆ ಮಡಿಸಲಿಲ್ಲ, ಹಾಗೆಯೇ ಬಿಚ್ಚಿಟ್ಟರು.

*

ಕುರ್ಡಿಗೆ ಮೌನಪ್ಪ ಮರುದಿನವೇ ಹೋದರು. ಒಬ್ಬರೇ ಬರೆದದ್ದನ್ನು ನಂಬಿ ಒಮ್ಮೆ ಮೋಸ ಹೋಗಿದ್ದಾಗಿತ್ತು; ಇದು ಎಷ್ಟು ನಿಜ ನೋಡಿಯೇ ಬಿಡೋಣ ಎಂದು. ಮಾನ್ವಿಯಲ್ಲಿ ಬಸ್ಸು ಬದಲಿಸಿ ಇಳಿದಾಗ ಬಿಸಿಲು ಏರಿತ್ತು. ರಾಮಲಿಂಗಪ್ಪನ ಮನೆ ಎಂದರೆ ಯಾರಿಗೂ ತಿಳಿಯಲಿಲ್ಲ. ಬೀಜದ ಆಫೀಸಿನಾಗ ಇದ್ದ ರಾಮಲಿಂಗಪ್ಪ ಎಂದಾಗ ಒಬ್ಬ ಮುದುಕ, “ಓ, ಕುಡುಕ್ ರಾಮಲಿಂಗನ ಮನಿ ಅನ್ರಿ,” ಎಂದು ಕೈ ತೋರಿಸಿದ.

ರಾಮಲಿಂಗಪ್ಪನ ಹೆಂಡತಿ ಮೂಕಮ್ಮ ಗುಡಿಸಲ ಮುಂದೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ಐವತ್ತರ ಹೆಂಗಸು. ಮೌನಪ್ಪ ಯಾರು, ಯಾರ ಮಗ, ಯಾವ ಕೇರಿ ಎಂದು ಕೇಳಿ ತಿಳಿದ ಮೇಲೆ, “ನಮ್ಮಾವಽ ಅಂದಂಗಾತು. ಕೂಡು ಯಪ್ಪಾ,” ಎಂದು ಗೋಣಿಚೀಲ ಸರಿಸಿದಳು.

ಅವರು ಗಂಡನ ಕಾಯಿಲೆ ಹೇಗೆ ಶುರುವಾಯಿತು ಎಂದು ಕೇಳಿದರು. ಏನನ್ನೂ ತಾವಾಗಿ ಹೇಳಲಿಲ್ಲ. ಆಕೆಯ ಬಾಯಿಂದಲೇ ಬರಲಿ ಎಂದು ಕಾದರು.

“ಕಾಯಿಲಿ ಎಲ್ಲೀದು? ಕುಡೀತಿದ್ದ.”

“ನೀ ನೋಡಿದ್ಯೇನವ್ವಾ?”

“ನೋಡಿಲ್ಲ. ಅದಽ ನೋಡು ಮಜಾ.” ಮೂಕಮ್ಮನ ಬೆರಳು ಶೇಂಗಾದ ಮೇಲೆ ನಿಲ್ಲಲಿಲ್ಲ. “ತೂರಾಡಿಕೋತ ಬರ್ತಿದ್ದ. ಬಾಯಿ ಮೂಸಿ ನೋಡ್ತಿದ್ದೆ. ವಾಸನಿ ಇರ್ತಿದ್ದಿಲ್ಲ. ವಾಸನಿ ಇಲ್ಲದ್ದು ಎಲ್ಲಿ ಸಿಗತದ ಹೇಳಲೇ, ಹೆಂಗ ಮುಚ್ಚೀದಿ ಹೇಳಲೇ ಅಂತ ಹೊಡೀತಿದ್ದೆ. ಬೆರಳು ಜುಂ ಅಂತಾವ, ಬಾಯಿ ಮ್ಯಾಲ ಇರಿವಿ ಹರದಂಗ ಆಕ್ಕತಿ ಅಂತಿದ್ದ. ಸುಳ್ಳ ಹೇಳ್ತಾನಂತ ಇನ್ನೆರಡು ಹಾಕ್ತಿದ್ದೆ. ಅಯ್ಯನವರಂಥಾವರು ಬರದು ಕೊಟ್ಟಾರ, ಓದಿದಾವ್ರು. ಅವರಕಿಂತ ನನಗ ಹೆಚ್ಚು ಗೊತ್ತೇನು?”

ಮೌನಪ್ಪ ನೋಟುಬುಕ್ಕು ತೆಗೆದು ಓದಿದರು. ಎರಡು ಸಲ ಓದಬೇಕಾಯಿತು. ಎರಡನೆಯ ಸಲ ಆಕೆಯ ಕೈ ನಿಂತಿತ್ತು.

“ಅಂದ್ರ ಕುಡೀತಿದ್ದಿಲ್ಲ.”

“ಇಲ್ಲವ್ವಾ.”

“ಕಡೀಕ ಬಾಜೂಕ ಕುಂತಿದ್ರೂ ನಾ ಕಾಣ್ತಿದ್ದಿಲ್ಲ ಅವಗ. ಮೂಕೀ, ಎಲ್ಲಿದ್ದೀ ಅಂತ ಕರೀತಿದ್ದ. ನಾಟಕ ಮಾಡ್ತಿ ಅಂತ ಎದ್ದು ಹೋಗ್ತಿದ್ದೆ.” ಮೊರ ಪಕ್ಕಕ್ಕೆ ಸರಿಸಿ, “ಅಯ್ಯನವರಿಗೆ ಯಾವಾಗ ಗೊತ್ತಾತು?” ಎಂದಳು.

“ತಮಗ ಬಂದಾಗ.”

“ತಮಗ ಬಂದಾಗ,” ಎಂದು ಆಕೆ ಮತ್ತೊಮ್ಮೆ ಅಂದಳು. “ಪುಸ್ತಕದಾಗ ಬರತದೇನು ಇದು?”

“ಬರತದ,” ಎಂದರು ಮೌನಪ್ಪ.

*

ದೇವದುರ್ಗದಲ್ಲಿ ಬಸವಂತಮ್ಮ ಮೊದಲರ್ಧ ಕೇಳುತ್ತ ಕಣ್ಣೊರೆಸಿಕೊಂಡಳು. ‘ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ’ ಎಂಬಲ್ಲಿ ಕೈಯೆತ್ತಿ ತಡೆದು, “ಇನ್ನೊಮ್ಮೆ ಓದು,” ಎಂದಳು. ಓದಿದರು. “ಇನ್ನೊಮ್ಮೆ.” ಮೂರನೆಯ ಸಲ ಆಕೆ ಮಠದ ಕಡೆಗೆ ಮುಖ ಮಾಡಿ ಕೂತು, ಪಾಠ ಒಪ್ಪಿಸುವವಳಂತೆ ಅವರ ಜೊತೆಗೇ ಆ ಸಾಲು ಹೇಳಿದಳು. ಅಷ್ಟರಲ್ಲಿ ಅದು ಆಕೆಗೆ ಬಾಯಿಪಾಠವಾಗಿತ್ತು.

“ಇನ್ನೂ ಅದರಿ ಅಮ್ಮಾರ,” ಎಂದು ಮೌನಪ್ಪ ಮುಂದೆ ಓದಿದರು.

ಮುಗಿದಾಗ ಬಸವಂತಮ್ಮ ಅಳುತ್ತಿರಲಿಲ್ಲ.

“ಕುರ್ಡಿಗೆ ಬಂಡಿ ಕಟ್ಟಸು ಅಂತಿದ್ರು,” ಎಂದಳು. “ದಿನಾ. ಯಾಕಂತ ಹೇಳ್ತಿದ್ದಿಲ್ಲ. ದಾರ್ಯಾಗ ಮಂದಿ ನೋಡ್ತಾರ, ಮತ್ತ ಕುಡಿದು ಬಂದಾನಂತಾರ ಅಂತ ನಾ ಕಟ್ಟಸ್ಲಿಲ್ಲ.” ಸೆರಗು ಹೊದ್ದುಕೊಂಡಳು. “ಮಾಸ್ತರ, ಮೊದಲಿಂದು ಬರಿ. ಕಡೀದು ಬಿಡು.”

“ಎರಡೂ ಒಂದಽ ಪೇಪರ್‌ನಾಗ ಅದಾವ್ರಿ. ಎರಡೂ ಅವರಽ ಹೇಳಿದ್ದು. ಒಂದು ಖರೆ, ಒಂದು ಬ್ಯಾಡ ಅಂತ ಹೆಂಗ ಬರೀಲಿ?”

“ನೀ ಆ ಕೇರಿಯಾವ ಅಂತ ಹಿಂಗಂತೀ.”

ಮೌನಪ್ಪ ನೋಟುಬುಕ್ಕು ಮುಚ್ಚಿದರು. ಆಡಿದ್ದು ತಪ್ಪೆಂದು ಆಕೆಗೇ ಅನಿಸಿತೇನೋ, ದನಿ ಇಳಿಸಿದಳು.

“ಬ್ಯಾಡ. ಹಂಗಾದ್ರ ಯಾವುದೂ ಬ್ಯಾಡ. ಕುಡುಕ ಅನ್ಲಿ. ಕುಡಿದ್ರ ಅದು ಅವರ ಹೊಟ್ಟೀ ಪಾಪ, ಅವರ ಸಂಗಾಟ ಮಣ್ಣಾತು. ಇದು ಇನ್ನೊಬ್ಬರ ಮನಿ ಪಾಪ. ಇದನ್ನ ಓದಿದ ಮ್ಯಾಲ ಮಂದಿ ನನ್ನ ಮುಖ ನೋಡಿ ಏನಂತಾರ? ಹದಿನೈದು ವರ್ಷ ಕುಡುಕನ ಹೆಂಡ್ತಿ ಆಗಿದ್ದೀನಿ. ರೂಢಿ ಆಗ್ಯದ. ನಾ ಕೈ ಮುಗೀತೀನಿ ಮಾಸ್ತರ, ನನ್ನ ಕೇಳಿ ಬರೆದೀಯ, ನನ್ನ ಕೇಳಿ ಬಿಡು.”

ಆಕೆ ನಿಜವಾಗಿ ಕೈ ಮುಗಿದಳು. ಎದ್ದು ನಿಂತು, ಕಟ್ಟೆಯ ಮೇಲಿದ್ದ ಮೌನಪ್ಪನವರಿಗೆ ಕೈ ಮುಗಿದಳು. ಅಯ್ಯನವರ ಮನೆಯ ಹೆಣ್ಣುಮಗಳು ತಮಗೆ ಕೈ ಮುಗಿದದ್ದನ್ನು ಅವರು ಬದುಕಿನಲ್ಲಿ ಅದೇ ಮೊದಲು ಕಂಡದ್ದು. “ಆತ್ರಿ ಅಮ್ಮಾರ,” ಎಂದುಬಿಟ್ಟರು.

ಹೇಳಿದ ಮೇಲೆ ನಾಲ್ಕು ದಿನ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ದಾರಿ ಹುಡುಕಿದರು. ಐದನೆಯ ದಿನ ವಿರೂಪಣ್ಣನವರ ಗಿರಣಿಗೆ ಹೋಗಿ, ಬರೆದದ್ದು ವಾಪಸು ಕೊಡಿ, ಎಂಟು ಪುಟವೂ ಬೇಡ ಎಂದರು. ಕೊನೆಯ ವರ್ಷಗಳ ಬಗ್ಗೆ ಅಚ್ಚಾದ ದಾಖಲೆ ಸಿಕ್ಕಿದೆ, ಆದರೆ ಅದನ್ನು ಹಾಕುವಂತಿಲ್ಲ, ಹಾಕದೆ ಬರೆಯುವಂತೆಯೂ ಇಲ್ಲ ಎಂದರು.

ವಿರೂಪಣ್ಣ ಅಡಕಿ ಕತ್ತರಿಸುತ್ತ, “ಸಲಾವುದ್ದೀನ್ ಬರೆದದ್ದು?” ಎಂದರು.

“ನಿಮಗ ಹೆಂಗ ಗೊತ್ತಾತ್ರಿ?” ಎಂದರು ಮೌನಪ್ಪ.

“ನಿಜಾಮನ ಕಾಲದಾಗ ಸಾಲಿ ಕಲಿತಾವ ನಾನು. ಕನ್ನಡಕಿಂತ ಮೊದಲು ಉರ್ದು ಬರ್ತದ ನನಗ. ಅದು ಬಂದ ದಿನಾನಽ ಓದೀನಿ.”

“ಮತ್ತ ನನ್ನ ಯಾಕ ಕಳಿಸಿದ್ರಿ, ಪೇಪರ್ ನೋಡ್ರಿ ಅಂತ?”

“ಕನ್ನಡ ಪೇಪರ್ ನೋಡ್ತೀರಿ ಅಂತ. ಆ ಸುದ್ದಿ ನಾನಽ ಕೊಟ್ಟದ್ದು. ನಮ್ಮ ಗುಂಜಹಳ್ಳಿ ಮನ್ಯಾಗ ಉಂಡು ಓದಿದಾವ ಮಹಾಂತಯ್ಯ. ಉಂಡ ಊರು ಹುಟ್ಟಿದ ಊರು ಆದ್ರ ಏನು ಕೆಟ್ಟೀತು? ಹೃದಯಾಘಾತ ಅಂದ್ರ ಏನು ಕೆಟ್ಟೀತು? ಮಾನ ಉಳೀತು.” ಅಡಕಿ ಬಾಯಿಗೆ ಹಾಕಿಕೊಂಡರು. “ಪುಟಕ್ಕ ಅಚ್ಚಿನ ಮೊಳಿ ಜೋಡಿಸಿ ಆಗ್ಯದ ಮಾಸ್ತರ. ಪ್ರೆಸ್ಸಿನವರು ಈಗ ಬಿಚ್ಚಂಗಿಲ್ಲ. ಕಡೀಗೆ ಜಾಗ ಉಳದಿತ್ತು, ಪೇಪರ್‌ನಾಗಿದ್ದ ಸುದ್ದಿ ಹಾಕ್ಸೀನಿ. ನಿಮ್ಮ ಹೆಸರು ದಪ್ಪ ಅಕ್ಷರದಾಗ ಬಂದದ.”

ಡಿಸೆಂಬರಿನಲ್ಲಿ ಪುಸ್ತಕ ಬಂತು. ಮೌನಪ್ಪ ಮೇಳಕ್ಕೆ ಹೋಗಲಿಲ್ಲ. ಸಂಕ್ರಾಂತಿ ಕಳೆದ ಮೇಲೆ, ಇನ್ನು ತಡೆಯಲಾರದೆ, ಕುರ್ಡಿಗೆ ಹೋದರು.

ಮೂಕಮ್ಮ ಈ ಸಲ ಹೊಲದಲ್ಲಿದ್ದಳು. ಕಡಲೆ ಕೀಳುತ್ತಿದ್ದವಳು ದೂರದಿಂದಲೇ ಗುರುತು ಹಿಡಿದು, ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಚ್ಚಿ ಕೈ ಒರೆಸಿಕೊಂಡು ಬಂದಳು. ಕಣ್ಣು ಅವರ ಕೈಚೀಲದ ಮೇಲಿತ್ತು.

“ಬಂತೇನಪಾ? ಓಣ್ಯಾಗ ಎಲ್ಲಾರಿಗೂ ಹೇಳೀನಿ, ನಗ್ತಾರ. ಎಲ್ಲಿ ಅಚ್ಚಾಗ್ಯದ ತೋರಸು ಅಂತಾರ. ಬರ್ತದ ತಡೀರಿ, ಮಾಸ್ತರು ತರ್ತಾರ ಅಂದೀನಿ.”

“ಬರಲಿಲ್ಲವ್ವಾ.”

“ಪುಸ್ತಕ ಬರಲಿಲ್ಲೇನು?”

“ಪುಸ್ತಕ ಬಂತು. ಅದು ಬರಲಿಲ್ಲ. ಅಮ್ಮಾರು ಬ್ಯಾಡ ಅಂದ್ರು. ಅಯ್ಯನವರ ಹೆಂಡ್ತಿ. ಕೈ ಮುಗಿದ್ರು.” ಉಳಿದದ್ದನ್ನೂ, ಗಿರಣಿಯಲ್ಲಿ ನಡೆದದ್ದನ್ನೂ ಅವರು ಹೇಳಿದರು, ಆದರೆ ಆಕೆ ಮೊದಲನೆಯ ಮಾತಿನಲ್ಲೇ ನಿಂತಿದ್ದಳು.

“ಅಕಿ ಬ್ಯಾಡ ಅಂದ್ಲಂತ ಬಿಟ್ಟೀ.”

“ಅವರ ಗಂಡನ ಮಾತು ಅದು. ಅವರ್ನ ಕೇಳಬೇಕಲ್ಲವ್ವಾ.”

“ಅಕಿ ಗಂಡಂದು ಅಕಿನ್ನ ಕೇಳಿದಿ. ಖರೆ ಅದ.” ಮೂಕಮ್ಮನ ದನಿಯಲ್ಲಿ ಸಿಟ್ಟೂ ಇರಲಿಲ್ಲ. “ನನ್ನ ಗಂಡಂದೂ ಅದರಾಗ ಇತ್ತಲ್ಲೋ. ಬಿಡ್ಲೇನು ಅಂತ ನನ್ನ ಕೇಳಾಕ ಬಂದೀಯೇನು?”

ದೇವದುರ್ಗದಿಂದ ಕುರ್ಡಿಗೆ ಎರಡು ಬಸ್ಸು, ಅರ್ಧ ದಿನದ ದಾರಿ. ಆ ನಾಲ್ಕು ದಿನದಲ್ಲಿ ಬಂದುಹೋಗಬಹುದಿತ್ತು. ಬರಬೇಕೆಂದು ಮೌನಪ್ಪನವರಿಗೆ ಹೊಳೆದೇ ಇರಲಿಲ್ಲ. ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಬಂದಾಗ ಅವರ ಕಾಲು ತಾನಾಗಿ ಮಠದ ಓಣಿಗೆ ಹೋಗಿತ್ತು.

“ಬರದಿದ್ದು ಕೊಡ್ತೀನವ್ವಾ,” ಎಂದು ನೋಟುಬುಕ್ಕಿನ ಹಾಳೆ ಹರಿಯಲು ಹೋದರು.

“ನನಗ ಓದಾಕ ಬರೂದಿಲ್ಲ. ಓದಾಕ ಬರಾವರು ಕೈಬರಹ ನಂಬೂದಿಲ್ಲ.” ಆಕೆ ಸೆರಗನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಬಿಸಿಲು ಏರಾಕತ್ಯದ. ನಾಕು ಸಾಲು ಉಳದದ ನಂದು.”

ತಿರುಗಿ ಹೋಗಿ ಕಡಲೆ ಗಿಡದ ಬುಡಕ್ಕೆ ಬಾಗಿದಳು.